ಕಟವಾಯಿ ಒಡೆದು ಉರಿಯುತ್ತಿದೆಯಾ? ಮೊದಲು ಎಂಜಲನ್ನು ದೂರ ಇಡಿ

ಬೆಳಗ್ಗೆ ಎದ್ದು ಆಕಳಿಸಿದರೆ ಬಾಯಿಯ ಮೂಲೆ ಚುರ್ ಅನ್ನುತ್ತದೆ. ಬ್ರಷ್ ಬಾಯಿಗಿಟ್ಟರೆ ಪೇಸ್ಟಿನ ನೊರೆ ತಾಗಿ ಉರಿ. ಮಧ್ಯಾಹ್ನ ಮುದ್ದೆಯ ತುತ್ತಿಗೆ ಬಾಯಿ ಅಗಲಿಸಿದರೆ, ಬೆಳಗ್ಗೆಯಿಂದ ಕಟ್ಟಿಕೊಂಡಿದ್ದ ಹೊಪ್ಪಳೆ ಒಡೆದು ಒಂದು ಹನಿ ರಕ್ತ. ಸಾರಿನ ಖಾರವೂ ಅಲ್ಲಿಗೇ ಹೋಗಿ ಕೂರುತ್ತದೆ.

ನಾನು ಹಲ್ಲಿನ ಡಾಕ್ಟರು. ಇದನ್ನು ತೋರಿಸಿಕೊಳ್ಳಲಿಕ್ಕೆ ಅಂತಲೇ ಬರುವವರು ಕಡಿಮೆ. ಹಲ್ಲು ನೋಡಲು ಬಾಯಿ ತೆರೆಯಿರಿ ಅಂದಾಗ ಮುಖ ಹಿಂಡುತ್ತಾರೆ, ಆಗ ಗೊತ್ತಾಗುತ್ತದೆ. ಕೇಳಿದರೆ ಬಹುತೇಕ ಎಲ್ಲರೂ ಹೇಳುವುದು ಎರಡೇ ಮಾತು: ‘ಉಷ್ಣ ಆಗಿದೆ’, ಇಲ್ಲವೇ ‘ಬಿ ಕಾಂಪ್ಲೆಕ್ಸ್ ಕಡಿಮೆ ಆಗಿದೆ’. ಎರಡನೆಯದು ಕೆಲವರಲ್ಲಿ ನಿಜ. ಆದರೆ ಹೆಚ್ಚಿನವರಲ್ಲಿ ನಡೆಯುತ್ತಿರುವುದು ಬೇರೆ.

ಕಟವಾಯಿ ನೋಡಲಿಕ್ಕೆ ಒಣಗಿ ಬಿರುಕು ಬಿಟ್ಟ ಹಾಗೆ ಕಾಣುತ್ತದೆ. ಆದರೆ ಅದು ಒಡೆದಿರುವುದು ಸಾಮಾನ್ಯವಾಗಿ ನೆನೆದು ನೆನೆದು. ಬಟ್ಟೆ ಒಗೆದು ಎದ್ದಾಗ ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತದಲ್ಲ, ಅದೇ ರೀತಿ ಬಾಯಿಯ ಮೂಲೆಯಲ್ಲಿ ಎಂಜಲು ನಿಂತು ಚರ್ಮ ಮೆತ್ತಗಾಗುತ್ತದೆ. ಆ ಎಂಜಲು ಆರಿದಾಗ ಚರ್ಮ ಬಿಗಿದುಕೊಳ್ಳುತ್ತದೆ. ಬಿಗಿದಾಗ ನಾವು ನಾಲಿಗೆಯಿಂದ ಸವರುತ್ತೇವೆ. ಮತ್ತೆ ಒದ್ದೆ, ಮತ್ತೆ ಬಿಗಿತ. ಎರಡು ದಿನ ಹೀಗಾದರೆ ಚರ್ಮ ಸೀಳುತ್ತದೆ. ಸೀಳಿದ ಒದ್ದೆ ಜಾಗ ಕ್ಯಾಂಡಿಡಾ ಎಂಬ ಶಿಲೀಂಧ್ರಕ್ಕೆ ಬಹಳ ಇಷ್ಟ. ಅದು ನಮ್ಮ ಬಾಯಲ್ಲಿ ಸುಮ್ಮನೆ ಇರುವಂಥದ್ದೇ, ಜಾಗ ಸಿಕ್ಕಾಗ ಬೆಳೆಯುತ್ತದೆ. ಮೂಗಿನಲ್ಲಿ, ಚರ್ಮದ ಮೇಲೆ ಇರುವ ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಕೂಡ ಕೆಲವೊಮ್ಮೆ ಸೇರಿಕೊಳ್ಳುತ್ತದೆ. ಡಾಕ್ಟರ ಚೀಟಿಯಲ್ಲಿ ಇದರ ಹೆಸರು ಆಂಗ್ಯುಲರ್ ಚೀಲೈಟಿಸ್.

ಮೊದಲು ಕನ್ನಡಿ ಮುಂದೆ ನಿಲ್ಲಿ

ಬೆಳಕಿರುವ ಕಡೆ ನಿಂತು, ಬಾಯಿಯನ್ನು ಅರ್ಧ ಮಾತ್ರ ತೆರೆದು ಎರಡೂ ಮೂಲೆ ನೋಡಿ. ನಾನು ಹೇಳುತ್ತಿರುವ ತೊಂದರೆಯಾದರೆ ಸಾಮಾನ್ಯವಾಗಿ ಎರಡೂ ಕಡೆ ಇರುತ್ತದೆ, ಒಂದು ಕಡೆ ಸ್ವಲ್ಪ ಜಾಸ್ತಿ ಇರಬಹುದು. ಮೂಲೆಯಿಂದ ಹೊರಕ್ಕೆ ಸಣ್ಣ ಗೆರೆಗಳು, ಸುತ್ತ ಕೆಂಪು, ನಡುವೆ ಬೆಳ್ಳಗೆ ನೆನೆದ ಚರ್ಮ.

ಒಂದೇ ಕಡೆ ಇದ್ದು, ಮೊದಲು ಜುಮ್ ಅಂದು, ಆಮೇಲೆ ಸಣ್ಣ ನೀರುಗುಳ್ಳೆಗಳ ಗೊಂಚಲು ಬಂದಿದ್ದರೆ ಅದು ಹರ್ಪಿಸ್ ಗುಳ್ಳೆ. ಜ್ವರ ಬಂದು ಹೋದಾಗ ತುಟಿ ಮೇಲೆ ಏಳುತ್ತದಲ್ಲ, ಅದೇ. ಅದಕ್ಕೆ ಮದ್ದು ಬೇರೆ. ಮಕ್ಕಳಲ್ಲಿ ಜೇನುತುಪ್ಪದ ಬಣ್ಣದ ಹೊಪ್ಪಳೆ ಕಟ್ಟಿ ಮೂಗಿನ ಕೆಳಗೆ, ಗಲ್ಲದ ಮೇಲೆ ಹರಡುತ್ತಿದ್ದರೆ ಅದು ಬ್ಯಾಕ್ಟೀರಿಯಾದ ಕೆಲಸ. ಅದು ಅಂಟುತ್ತದೆ. ಟವೆಲ್ ಬೇರೆ ಇಡಿ, ಅಂದೇ ಡಾಕ್ಟರಿಗೆ ತೋರಿಸಿ.

ಮೊದಲ ಒಂದು ವಾರ

ಈಗಷ್ಟೇ ಶುರುವಾಗಿದ್ದರೆ ಮದ್ದು ಬೇಕಾಗದೆಯೂ ಹೋಗಬಹುದು. ಕೆಲಸ ಒಂದೇ: ಆ ಜಾಗಕ್ಕೆ ಎಂಜಲು ತಾಗದ ಹಾಗೆ ನೋಡಿಕೊಳ್ಳುವುದು.

ಊಟವಾದ ಮೇಲೆ, ಹಲ್ಲುಜ್ಜಿದ ಮೇಲೆ ಉಗುರುಬೆಚ್ಚಗಿನ ನೀರಿನಿಂದ ಮೂಲೆಗಳನ್ನು ತೊಳೆಯಿರಿ. ಸೋಪು ಬೇಡ. ಹಳೆಯ ಮೆತ್ತನೆಯ ಕಾಟನ್ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ. ಒಂದು ನಿಮಿಷ ಆರಲು ಬಿಡಿ. ಆಮೇಲೆ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ. ಬಣ್ಣ, ವಾಸನೆ ಏನೂ ಇಲ್ಲದ್ದೇ ಇರಲಿ. ದಿನಕ್ಕೆ ಐದಾರು ಸಲ ಬೇಕಾಗುತ್ತದೆ. ಎರಡು ಹೊತ್ತು ಮಾತ್ರ ತಪ್ಪಿಸಬೇಡಿ: ಊಟಕ್ಕೆ ಕೂರುವ ಮುಂಚೆ ಮತ್ತು ಮಲಗುವ ಮುಂಚೆ. ಊಟಕ್ಕೆ ಮುಂಚೆ ಹಚ್ಚಿದರೆ ಖಾರ ಹುಳಿ ನೇರವಾಗಿ ಗಾಯಕ್ಕೆ ತಾಗುವುದಿಲ್ಲ. ರಾತ್ರಿ ಹಚ್ಚಿದರೆ ನಿದ್ದೆಯಲ್ಲಿ ಸುರಿಯುವ ಜೊಲ್ಲು ಮೇಲಿಂದಲೇ ಜಾರಿಹೋಗುತ್ತದೆ. ಡಬ್ಬಿಗೆ ಮನೆಯವರೆಲ್ಲ ಬೆರಳು ಹಾಕುವ ಪದ್ಧತಿ ಇದ್ದರೆ ನಿಮ್ಮದು ಬೇರೆ ಇಟ್ಟುಕೊಳ್ಳಿ.

ತುಪ್ಪ, ಕೊಬ್ಬರಿ ಎಣ್ಣೆ ಆಗಲ್ವಾ ಅಂತ ಕೇಳುತ್ತಾರೆ. ಆಗುತ್ತದೆ, ತೊಂದರೆ ಏನಿಲ್ಲ, ಆದರೆ ಬೇಗ ಜಾರಿಹೋಗುತ್ತದೆ. ತುಪ್ಪದ ಇನ್ನೊಂದು ತೊಂದರೆ, ಅದು ರುಚಿಯಾಗಿರುತ್ತದೆ, ನಾಲಿಗೆ ಸುಮ್ಮನಿರುವುದಿಲ್ಲ. ಜೇನುತುಪ್ಪದ ಕಥೆಯೂ ಅದೇ. ಹಣ್ಣಿನ ವಾಸನೆಯ ಲಿಪ್ ಬಾಮ್ ಕೂಡ ನೆಕ್ಕುವುದನ್ನು ಜಾಸ್ತಿ ಮಾಡುತ್ತದೆ, ಮೆಂಥಾಲ್ ಕರ್ಪೂರ ಇರುವುದಂತೂ ಚರ್ಮವನ್ನು ಇನ್ನಷ್ಟು ಕೆರಳಿಸುತ್ತದೆ. ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ ಇವನ್ನೆಲ್ಲ ಹಚ್ಚಿಕೊಂಡು ಬಂದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಹೊಪ್ಪಳೆಯನ್ನು ಉಗುರಿನಿಂದ ಕೀಳಬೇಡಿ. ಅದು ಗಟ್ಟಿಯಾಗಿ ಎಳೆಯುತ್ತಿದ್ದರೆ ಒದ್ದೆ ಹತ್ತಿಯನ್ನು ಐದು ನಿಮಿಷ ಇಟ್ಟು ಮೆತ್ತಗೆ ಮಾಡಿ. ತಾನಾಗಿ ಬಂದಷ್ಟು ಬರಲಿ. ಈ ವಾರ ತುತ್ತು ಚಿಕ್ಕದಿರಲಿ. ಮಾವಿನಹಣ್ಣು, ಸೇಬು ಕಚ್ಚಿ ತಿನ್ನುವ ಬದಲು ಹೆಚ್ಚಿಕೊಂಡು ತಿನ್ನಿ. ಪಾನಿಪುರಿ ಒಂದು ವಾರ ಕಾಯಲಿ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಕೈ ಕೊಟ್ಟು ಒತ್ತಿ ಹಿಡಿದರೆ ಬಾಯಿ ಪೂರ್ತಿ ತೆರೆಯುವುದಿಲ್ಲ, ಕೂಡುತ್ತಿರುವ ಬಿರುಕು ಮತ್ತೆ ಸೀಳುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಐದು ದಿನದ ಕೆಲಸವನ್ನು ಒಂದು ಆಕಳಿಕೆ ಹಾಳು ಮಾಡುತ್ತದೆ.

ಪೇಸ್ಟ್ ಬಗ್ಗೆ ಒಂದು ಮಾತು. ಹೊಸ ಪೇಸ್ಟಿಗೆ ಬದಲಾದ ಮೇಲೆ ಶುರುವಾಯಿತಾ ಎಂದು ನೆನಪಿಸಿಕೊಳ್ಳಿ. ಜೋರು ನೊರೆ ಬರಿಸುವ ವಸ್ತು, ದಾಲ್ಚಿನ್ನಿ, ಪುದೀನದ ಘಾಟು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಹಳೆಯದಕ್ಕೆ ಮರಳಿ ಎರಡು ವಾರ ನೋಡಿ. ಹೊಸ ಲಿಪ್‌ಸ್ಟಿಕ್ಕಿಗೂ ಇದೇ ಲೆಕ್ಕ.

ಮೆಡಿಕಲ್ ಶಾಪಿನ ಟ್ಯೂಬು

ಐದಾರು ದಿನ ಹೀಗೆ ಮಾಡಿಯೂ ಕಡಿಮೆಯಾಗದಿದ್ದರೆ, ಅಥವಾ ಮೊದಲೇ ಕೆಂಪು ಹರಡಿ ಬೆಳ್ಳಗಾಗಿದ್ದರೆ, ಶಿಲೀಂಧ್ರ ಸೇರಿದೆ ಎಂದೇ ತಿಳಿಯಬಹುದು. ಆಗ ಬೇಕಾದದ್ದು 1% ಕ್ಲೋಟ್ರಿಮಜೋಲ್ ಅಥವಾ 2% ಮೈಕೊನಜೋಲ್ ಕ್ರೀಮ್. ಮೂಲೆ ತೊಳೆದು ಒರೆಸಿ, ಒಂದು ಅಕ್ಕಿಕಾಳಿನಷ್ಟು ಕ್ರೀಮನ್ನು ಬಿರುಕಿನ ಮೇಲೂ ಸುತ್ತಲಿನ ಕೆಂಪಿನ ಮೇಲೂ ಸವರಿ. ದಿನಕ್ಕೆ ಎರಡು ಸಲ. ಹತ್ತು ಹದಿನೈದು ನಿಮಿಷ ಬಿಟ್ಟು ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ. ಈ ಕ್ರಮ ತಿರುವುಮುರುವು ಮಾಡಬೇಡಿ. ಮೊದಲು ಜೆಲ್ಲಿ ಹಚ್ಚಿದರೆ ಕ್ರೀಮ್ ಚರ್ಮಕ್ಕೆ ಇಳಿಯುವುದಿಲ್ಲ.

ಮೂರು ನಾಲ್ಕು ದಿನಕ್ಕೆ ಉರಿ ಕಡಿಮೆಯಾಗುತ್ತದೆ, ಅಲ್ಲಿಗೆ ಜನ ಟ್ಯೂಬು ಮುಚ್ಚಿಡುತ್ತಾರೆ. ಹತ್ತು ದಿನಕ್ಕೆ ಮತ್ತೆ ಬರುತ್ತದೆ. ಬಿರುಕು ಕಾಣದಿದ್ದರೂ ಎರಡು ವಾರ ಪೂರ್ತಿ ಹಚ್ಚಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮೈಕೊನಜೋಲನ್ನು ತಾವಾಗಿಯೇ ಹಚ್ಚಿಕೊಳ್ಳಬಾರದು. ಬಾಯಿಯ ಹತ್ತಿರ ಹಚ್ಚಿದ್ದು ಸ್ವಲ್ಪವಾದರೂ ಹೊಟ್ಟೆಗೆ ಹೋಗುತ್ತದೆ, ಆ ಮಾತ್ರೆಯ ಜೋರು ಹೆಚ್ಚಿಸುತ್ತದೆ. ಹಳದಿ ಹೊಪ್ಪಳೆ, ಕೀವು ಇದ್ದರೆ ಫ್ಯೂಸಿಡಿಕ್ ಆಸಿಡ್ ಅಥವಾ ಮ್ಯುಪಿರೋಸಿನ್‌ನಂಥ ಆಂಟಿಬಯಾಟಿಕ್ ಮುಲಾಮು ಬೇಕಾಗಬಹುದು. ಅದನ್ನು ಡಾಕ್ಟರು ನೋಡಿ ಬರೆಯಲಿ.

ಈಗ ನನಗೆ ಸಿಟ್ಟು ಬರುವ ವಿಷಯ. ‘ಬಾಯಿ ಮೂಲೆ ಒಡೆದಿದೆ, ಏನಾದ್ರೂ ಕೊಡಿ’ ಅಂದರೆ ಕೌಂಟರಿನಲ್ಲಿ ಕೆಲವೊಮ್ಮೆ ಮೂರು ನಾಲ್ಕು ಮದ್ದು ಬೆರೆಸಿದ ಒಂದು ಟ್ಯೂಬು ಕೊಡುತ್ತಾರೆ. ಹುಳುಕಡ್ಡಿಗೆ ಕೊಡುವಂಥದ್ದೇ. ಅದರ ಮೇಲೆ ಕ್ಲೋಬೆಟಾಸಾಲ್ ಅಥವಾ ಬೆಟಾಮೆಥಾಸೋನ್ ಎಂಬ ಹೆಸರಿದ್ದರೆ ಅದು ಜೋರಾದ ಸ್ಟೀರಾಯ್ಡ್. ಎರಡೇ ದಿನಕ್ಕೆ ಕೆಂಪು ಹೋಗಿ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಬಾಯಿ ಸುತ್ತಲಿನ ಚರ್ಮ ತೆಳ್ಳಗಾಗುತ್ತದೆ, ಬಿಟ್ಟ ಕೂಡಲೇ ತೊಂದರೆ ಮರಳುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಬಾಯಿಯ ಸುತ್ತ ಸಣ್ಣ ಕೆಂಪು ಗುಳ್ಳೆಗಳೇ ಏಳುತ್ತವೆ. ಟ್ಯೂಬು ಕೈಗೆ ಬಂದಾಗ ಹಿಂದೆ ತಿರುಗಿಸಿ ಹೆಸರು ಓದಿ.

ಒಂದು ವರ್ಷ ವಾಸಿಯಾಗದ ಕಟವಾಯಿ

ಹಚ್ಚಿದಾಗ ಹೋಗುತ್ತದೆ, ಬಿಟ್ಟಾಗ ಬರುತ್ತದೆ. ಹೀಗಾದರೆ ಕ್ರೀಮ್ ಬದಲಿಸುತ್ತಾ ಕೂರಬೇಡಿ. ಹಿಂದೆ ಏನೋ ಇದೆ. ನನ್ನ ಬಳಿ ಬಂದಿದ್ದ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ.

ಅವರಿಗೆ 66 ವರ್ಷ. ಮೇಲೆ ಕೆಳಗೆ ಎರಡೂ ಹಲ್ಲಿನ ಸೆಟ್, ಮಾಡಿಸಿ 11 ವರ್ಷವಾಗಿತ್ತು. ಎರಡೂ ಕಟವಾಯಿ ಒಂದು ವರ್ಷದಿಂದ ಒಡೆದು ಕೂಡುತ್ತಿತ್ತು. ಎರಡು ತಿಂಗಳು ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ್ದರು. ಮೇಲೆ ಹೇಳಿದ ಮಿಶ್ರಣದ ಟ್ಯೂಬು ಮೂರು ಮುಗಿಸಿದ್ದರು.

‘ರಾತ್ರಿ ಸೆಟ್ ತೆಗೆದಿಟ್ಟು ಮಲಗ್ತೀರಾ ಅಜ್ಜಿ?’ ಎಂದು ಕೇಳಿದೆ.

‘ಇಲ್ಲ ಡಾಕ್ಟ್ರೇ. ಬೊಚ್ಚು ಬಾಯಿ ಮೊಮ್ಮಕ್ಕಳು ನೋಡಿದ್ರೆ ನಗ್ತಾವೆ.’

ಮೇಲಿನ ಸೆಟ್ ತೆಗೆಸಿ ನೋಡಿದರೆ ಅಂಗುಳು ಕೆಂಪಗೆ, ಸರಿಯಾಗಿ ಸೆಟ್ಟಿನ ಆಕಾರದಲ್ಲಿ. ಶಿಲೀಂಧ್ರದ ಮನೆ ಇದ್ದದ್ದು ಅಲ್ಲಿ. ಅಜ್ಜಿ ಹೊರಗೆ ಮೂಲೆಗೆ ಮದ್ದು ಹಚ್ಚುತ್ತಿದ್ದರು, ಒಳಗಿನಿಂದ ಎಂಜಲಿನ ಜೊತೆ ಅದು ಮತ್ತೆ ಬರುತ್ತಿತ್ತು. ಎರಡನೆಯ ತೊಂದರೆ ಸೆಟ್ಟಿನ ಎತ್ತರದ್ದು. 11 ವರ್ಷದಲ್ಲಿ ಸೆಟ್ಟಿನ ಹಲ್ಲು ಸವೆದಿತ್ತು, ಒಸಡಿನ ಕೆಳಗಿನ ಎಲುಬೂ ತಗ್ಗಿತ್ತು. ಬಾಯಿ ಮುಚ್ಚಿದರೆ ಗಲ್ಲ ಮೂಗಿನ ಕಡೆ ಏರುತ್ತಿತ್ತು. ಹಾಗಾದಾಗ ತುಟಿಯ ಮೂಲೆಯಲ್ಲಿ ಚರ್ಮ ಮಡಿಸಿ ಒಂದು ಕಾಲುವೆಯಂತೆ ಆಗುತ್ತದೆ. ಎಂಜಲು ಅದರೊಳಗೆ ಹರಿದು ನಿಲ್ಲುತ್ತದೆ.

ಮಾಡಿದ್ದು ಇಷ್ಟು. ಟ್ಯೂಬು ನಿಲ್ಲಿಸಿ ಮೂಲೆಗಳಿಗೆ ಕ್ಲೋಟ್ರಿಮಜೋಲ್ ಕ್ರೀಮ್, ಅಂಗುಳಿಗೆ ಅದೇ ಮದ್ದಿನ ಮೌತ್ ಪೇಂಟ್, ಎರಡು ವಾರ. ಸೆಟ್ಟನ್ನು ರಾತ್ರಿ ತೆಗೆದು, ಮೆತ್ತನೆಯ ಬ್ರಷ್ಷಿಗೆ ಕೈ ತೊಳೆಯುವ ಸೋಪು ಹಾಕಿ ಒಳಬದಿ ಉಜ್ಜಬೇಕು. ಪೇಸ್ಟಿನಿಂದ ಉಜ್ಜಿದರೆ ಸೆಟ್ ಗೀರುತ್ತದೆ, ಆ ಗೀರಿನಲ್ಲಿ ಶಿಲೀಂಧ್ರ ಕೂರುತ್ತದೆ. ಆಮೇಲೆ 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶಿನಲ್ಲಿ 15 ನಿಮಿಷ ಮುಳುಗಿಸಿ, ತೊಳೆದು, ಬೆಳಗಿನವರೆಗೆ ಬಟ್ಟಲು ನೀರಿನಲ್ಲಿ ಇಡುವುದು. ಬೆಳಗ್ಗೆ ಮೊಮ್ಮಕ್ಕಳು ಏಳುವ ಮುಂಚೆ ಹಾಕಿಕೊಳ್ಳಿ ಅಂದೆ.

ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು, ನಾಲಿಗೆ ನುಣ್ಣಗಿತ್ತು. ರಕ್ತ ಪರೀಕ್ಷೆ ಬರೆದುಕೊಟ್ಟೆ. ಶುಗರ್ ಸರಿಯಿತ್ತು, ಹಿಮೋಗ್ಲೋಬಿನ್ 9.4. ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಮುಟ್ಟು ನಿಂತು ಎಷ್ಟೋ ವರ್ಷವಾದವರಲ್ಲಿ ಕಬ್ಬಿಣದಂಶ ಕಡಿಮೆಯಾಗಿದ್ದರೆ ರಕ್ತ ಎಲ್ಲಿಂದಲೋ ಸೋರುತ್ತಿದೆಯಾ ಎಂದು ಹುಡುಕಲೇಬೇಕು. ಫಿಸಿಷಿಯನ್ ಬಳಿ ಕಳಿಸಿದಾಗ ಮೂಲವ್ಯಾಧಿಯ ವಿಷಯ ಹೊರಬಿತ್ತು. ಸಂಕೋಚಕ್ಕೆ ಮಗನಿಗೂ ಹೇಳಿರಲಿಲ್ಲ ಪಾಪ. ಬೇರೆ ಕಡೆಯಿಂದ ಸೋರುತ್ತಿಲ್ಲ ಎಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಂಡು, ಅದಕ್ಕೆ ಚಿಕಿತ್ಸೆ, ಜೊತೆಗೆ ಕಬ್ಬಿಣದ ಮಾತ್ರೆ ಶುರು ಮಾಡಿದರು.

ನಾಲ್ಕನೇ ದಿನಕ್ಕೆ ಉರಿ ನಿಂತಿತು. ಎರಡು ವಾರಕ್ಕೆ ಬಿರುಕು ಕೂಡಿತು. ಐದನೇ ವಾರ ಮತ್ತೆ ಒಡೆದುಕೊಂಡು ಬಂದರು. ನಡುವೆ ನಂಟರ ಮದುವೆ, ನಾಲ್ಕು ರಾತ್ರಿ ಛತ್ರದಲ್ಲಿ ಎಲ್ಲರ ಜೊತೆ ಸಾಲಾಗಿ ಮಲಗಿದ್ದು, ಸೆಟ್ ತೆಗೆದಿರಲಿಲ್ಲ. ಇನ್ನೊಂದು ಸುತ್ತು ಮದ್ದು ಹಾಕಿ, ಬಾಯಿ ವಾಸಿಯಾದ ಮೇಲೆ ಎತ್ತರ ಸರಿಪಡಿಸಿದ ಹೊಸ ಸೆಟ್ ಮಾಡಿಕೊಟ್ಟೆ. ಅದಾದ ಮೇಲೆ ಆ ತೊಂದರೆಗೆ ಅಂತ ಅವರು ಬಂದಿಲ್ಲ. ಅಂಗುಳು ಕೆಂಪಗಿರುವಾಗಲೇ ಹೊಸ ಸೆಟ್ಟಿಗೆ ಅಳತೆ ಕೊಡಬೇಡಿ. ಊದಿದ ಅಂಗುಳಿನ ಅಳತೆಗೆ ಮಾಡಿದ ಸೆಟ್ ವಾಸಿಯಾದ ಮೇಲೆ ಸಡಿಲವಾಗುತ್ತದೆ.

ಮಾತ್ರೆ ಯಾರಿಗೆ ಕೆಲಸ ಮಾಡುತ್ತದೆ

ಬಿ2 ಅಂದರೆ ರೈಬೋಫ್ಲೇವಿನ್, ಬಿ12, ಫೋಲೇಟ್, ಕಬ್ಬಿಣ, ಸತು, ಇವುಗಳಲ್ಲಿ ಯಾವುದು ಕಡಿಮೆಯಾದರೂ ಕಟವಾಯಿ ಒಡೆಯಬಹುದು. ಹಾಗಾಗಿ ನಮ್ಮ ಜನ ಬಿ ಕಾಂಪ್ಲೆಕ್ಸ್ ಅನ್ನುವುದು ಪೂರ್ತಿ ಸುಳ್ಳಲ್ಲ. ಆದರೆ ಕೊರತೆ ಇದ್ದವರಿಗೆ ಮಾತ್ರ ಮಾತ್ರೆ ಕೆಲಸ ಮಾಡುತ್ತದೆ. ಆ ಅಜ್ಜಿಗೆ ಬೇಕಿದ್ದದ್ದು ಕಬ್ಬಿಣ, ನುಂಗಿದ್ದು ಬಿ ಕಾಂಪ್ಲೆಕ್ಸ್.

ಕಟವಾಯಿಯ ಜೊತೆ ನಾಲಿಗೆ ಉರಿ, ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಮುಟ್ಟಿನಲ್ಲಿ ಜಾಸ್ತಿ ರಕ್ತ, ಇವುಗಳಲ್ಲಿ ಏನಾದರೂ ಇದ್ದರೆ ಹಿಮೋಗ್ಲೋಬಿನ್ ಮತ್ತು ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ನೋಡಿಸಿ. ಕೈಕಾಲು ಜೋಮು ಹಿಡಿಯುವ ಸಸ್ಯಾಹಾರಿಗಳು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಬಿ12 ನೋಡಿಸಿ. ಸಕ್ಕರೆ ಕಾಯಿಲೆ ಇದೆಯಾ ಎಂದೇ ಗೊತ್ತಿಲ್ಲದವರು ಮೊದಲು ಶುಗರ್ ನೋಡಿಸಿ. ಪದೇ ಪದೇ ಬರುವ ಕಟವಾಯಿಯಿಂದಲೇ ಶುಗರ್ ಪತ್ತೆಯಾದವರಿದ್ದಾರೆ.

ಊಟದ ವಿಷಯ ಬಹಳ ಹೇಳುವುದಿಲ್ಲ. ಬಿ2ಗೆ ಹಾಲು, ಮೊಸರು, ಮೊಟ್ಟೆ. ಕಬ್ಬಿಣಕ್ಕೆ ಸೊಪ್ಪು, ಕಾಳು, ತಿನ್ನುವವರಿಗೆ ಮಾಂಸ. ಬಸ್ಸಾರು ಊಟ ಮಾಡಿ ಎದ್ದ ಕೂಡಲೇ ಕಾಫಿ ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ. ಊಟದ ಜೊತೆ ನಿಂಬೆ, ನೆಲ್ಲಿಕಾಯಿ ಒಳ್ಳೆಯದು, ಆದರೆ ಗಾಯ ಕೂಡಿದ ಮೇಲೆ.

ಮಕ್ಕಳದ್ದು ಸ್ವಲ್ಪ ಬೇರೆ

ಮಕ್ಕಳಲ್ಲಿ ಕಾರಣ ಹೆಚ್ಚಾಗಿ ತುಟಿ ನೆಕ್ಕುವುದು, ಬೆರಳು ಚೀಪುವುದು, ಮೂಗು ಕಟ್ಟಿ ಬಾಯಿ ತೆರೆದು ಮಲಗುವುದು. ನೆಕ್ಕಬೇಡ ಎಂದು ಗದರಿದರೆ ಮಗು ಇನ್ನೂ ಜಾಸ್ತಿ ನೆಕ್ಕುತ್ತದೆ. ಚರ್ಮ ಬಿಗಿದಿದ್ದಕ್ಕೇ ಅದು ನೆಕ್ಕುವುದು. ಬಿಗಿಯದ ಹಾಗೆ ಜೆಲ್ಲಿ ಹಚ್ಚಿಟ್ಟರೆ ಅರ್ಧ ನೆಕ್ಕುವುದು ತಾನೇ ನಿಲ್ಲುತ್ತದೆ. ನಿದ್ದೆ ಹತ್ತಿದ ಮೇಲೆ ಹಚ್ಚಿದರೆ ಕೆಲಸ ಇನ್ನೂ ಸುಲಭ. ದಿಂಬಿನ ಕವರ್ ಜೊಲ್ಲಿನಿಂದ ಒದ್ದೆಯಾಗುತ್ತಿದ್ದರೆ ದಿನಾ ಬದಲಿಸಿ. ಸದಾ ಮೂಗು ಕಟ್ಟಿ ಗೊರಕೆ ಹೊಡೆಯುವ ಮಗುವಾದರೆ ಮೂಗಿನ ತೊಂದರೆಯನ್ನೇ ಮೊದಲು ತೋರಿಸಿ.

ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವ ಹುಡುಗ ಹುಡುಗಿಯರಲ್ಲಿ ಮಾತ್ರ ಕಥೆ ತಿರುವುಮುರುವು. ಅಲ್ಲಿ ತುಟಿ ನಿಜಕ್ಕೂ ಒಣಗುತ್ತದೆ. ಗಂಟೆಗೊಮ್ಮೆ ಜೆಲ್ಲಿ ಬೇಕಾದರೂ ಬೇಕಾದೀತು. ಜಾಸ್ತಿಯಾದರೆ ಮಾತ್ರೆ ಬರೆದ ಡಾಕ್ಟರಿಗೆ ಹೇಳಿ.

ಇದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ

ಎರಡು ವಾರ ಸರಿಯಾಗಿ ಮದ್ದು ಹಚ್ಚಿಯೂ ವಾಸಿಯಾಗದಿದ್ದರೆ ತೋರಿಸಿ. ಒಂದೇ ಕಡೆ ಇದ್ದು, ಬೆರಳಿಗೆ ಗಟ್ಟಿಯಾಗಿ ಸಿಕ್ಕಿ, ಮೂರು ವಾರ ಕಳೆದರೂ ಕೂಡದ ಹುಣ್ಣಾದರೆ ತಡ ಮಾಡಲೇಬೇಡಿ. ಕಡ್ಡಿಪುಡಿ, ಗುಟ್ಕಾ, ಹೊಗೆಸೊಪ್ಪಿನ ಎಲೆಅಡಿಕೆ ಅಭ್ಯಾಸ ಇದ್ದವರಲ್ಲಿ ಅಂಥ ಹುಣ್ಣು ಕ್ಯಾನ್ಸರ್ ಆಗಿರಬಹುದು. ಬಾಯಿ ತುಂಬ ಬಿಳಿ ಪೊರೆ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ಡಾಕ್ಟರ ಬಳಿ ಹೋಗಿ.

ಅಡಿಕೆ ಹಾಕುವವರಿಗೆ ಇನ್ನೊಂದು. ಕಟವಾಯಿ ವಾಸಿಯಾದ ಮೇಲೂ ಬಾಯಿ ಅಗಲಿಸಿದರೆ ಎಳೆದ ಹಾಗೆ ಆಗುತ್ತದೆಯಾ, ಸ್ವಲ್ಪ ಖಾರಕ್ಕೂ ಕೆನ್ನೆಯ ಒಳಗೆಲ್ಲ ಉರಿಯುತ್ತದೆಯಾ? ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ ಕೆಳಗಿನ ಮುಂಹಲ್ಲಿನ ನಡುವೆ ಇಡಲು ನೋಡಿ. ಸಾಮಾನ್ಯವಾಗಿ ಮೂರೂ ಹೋಗಬೇಕು. ಎರಡಕ್ಕೇ ನಿಂತರೆ ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗುತ್ತಿರಬಹುದು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯಿಂದಲೂ ಇದು ಬರುತ್ತದೆ. ಅದಕ್ಕೆ ಈ ಕ್ರೀಮು ಜೆಲ್ಲಿ ಯಾವುದೂ ತಾಗುವುದಿಲ್ಲ. ಅಡಿಕೆ ಅಂದೇ ನಿಲ್ಲಿಸಿ, ಆ ವಾರದಲ್ಲೇ ಹತ್ತಿರದ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಿ.